ಒಂದೇ ಮೊಬೈಲು, ಹದಿನಾರು ಚುಕ್ಕಿ

ಸಕಲೇಶಪುರ ದಾಟಿ ರೈಲು ಘಟ್ಟ ಇಳಿಯತೊಡಗಿದರೆ ಮೊಬೈಲಿನ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಮಾಯವಾಗುತ್ತವೆ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಹಾದಿಯಲ್ಲಿ 57 ಸುರಂಗಗಳಿವೆ. ಇಳಿಜಾರು ಕಡಿದಾಗಿರುವುದರಿಂದ ಗಾಡಿ ನಿಧಾನಕ್ಕೆ ಸಾಗುತ್ತದೆ, ಎರಡು ತಾಸಿಗೂ ಹೆಚ್ಚು ಹಿಡಿಯುತ್ತದೆ. ಹಗಲಿನ ಗಾಡಿಯಾದರೆ ಸುರಂಗದ ನಡುನಡುವೆ ಹಸಿರು ಕಾಣುತ್ತದೆ. ರಾತ್ರಿಯಾದರೆ ಅದೂ ಇಲ್ಲ. ಎದುರುಬದುರು ಕೂತ ಅಕ್ಕ-ತಮ್ಮನ ನಡುವೆ ಚಾರ್ಜ್ ಉಳಿದಿರುವ ಮೊಬೈಲು ಒಂದೇ ಇದ್ದರೆ, ಇಬ್ಬರೂ ಸೇರಿ ಆಡಬಹುದಾದ ಆಟ ಯಾವುದು?

ಎಲ್ಲ ಆಟವೂ ಇದಕ್ಕೆ ಒಗ್ಗುವುದಿಲ್ಲ. ಎಲೆಗಳನ್ನು ಬಚ್ಚಿಡಬೇಕಾದ ಇಸ್ಪೀಟು, ಮೊಬೈಲು ಕೈಬದಲಾದಾಗಲೆಲ್ಲ ಗುಟ್ಟು ಬಿಟ್ಟುಕೊಡುತ್ತದೆ. ಇಬ್ಬರೂ ಒಟ್ಟಿಗೆ ಪರದೆ ಒತ್ತುವ ಚುರುಕಿನ ಆಟಗಳು ಬೋಗಿಯ ಕುಲುಕಾಟಕ್ಕೆ ಕೆಡುತ್ತವೆ. ಲೂಡೋ ಕಿಂಗ್‌ನಲ್ಲಿ Pass N Play ಎಂಬ ಆಯ್ಕೆಯಿದೆ. ಆದರೆ ಅಲ್ಲಿ ಗೆಲುವಿನ ಬಹುಪಾಲು ದಾಳದ ಕೈಯಲ್ಲಿ. ಎಲ್ಲವೂ ಇಬ್ಬರಿಗೂ ಕಾಣುವ, ದಾಳವಿಲ್ಲದ, ನೆಟ್‌ವರ್ಕ್ ಬೇಡದ ಆಟವೊಂದು ಶಾಲೆಯ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲೇ ಇದೆ: ಚುಕ್ಕಿ ಸೇರಿಸಿ ಮನೆ ಕಟ್ಟುವ ಆಟ. ಫ್ರೆಂಚ್ ಗಣಿತಜ್ಞ ಎಡ್ವಾರ್ ಲ್ಯೂಕಾ 1889ರಲ್ಲೇ ಇದರ ಬಗ್ಗೆ ಬರೆದಿದ್ದರು.

ಆಡಲು ಬೇರೆ ಆ್ಯಪ್ ಬೇಡ, ಮೊಬೈಲಿನಲ್ಲಿ ಚಿತ್ರ ಬಿಡಿಸುವ ಪುಟವೊಂದಿದ್ದರೆ ಸಾಕು. ನಾಲ್ಕು ಸಾಲಿನಲ್ಲಿ ನಾಲ್ಕು ನಾಲ್ಕರಂತೆ 16 ಚುಕ್ಕಿ ಇಡಬೇಕು. ಸರದಿಗೊಬ್ಬರು ಅಕ್ಕಪಕ್ಕದ ಅಥವಾ ಮೇಲೆಕೆಳಗಿನ ಎರಡು ಚುಕ್ಕಿಗೆ ಒಂದು ಗೆರೆ ಎಳೆಯುತ್ತಾರೆ. ಮನೆಯ ನಾಲ್ಕನೆಯ ಗೆರೆ ಎಳೆದವರಿಗೆ ಆ ಮನೆ. ಅದರೊಳಗೆ ತಮ್ಮ ಹೆಸರಿನ ಮೊದಲಕ್ಷರ ಬರೆದು, ಅವರೇ ಇನ್ನೊಂದು ಗೆರೆ ಎಳೆಯಬೇಕು. ಒಟ್ಟು 24 ಗೆರೆ, 9 ಮನೆ. ಶುರುಮಾಡುವ ಮುನ್ನ ಪರದೆ ತಾನಾಗಿ ತಿರುಗದಂತೆ ಸೆಟ್ಟಿಂಗ್ ಬದಲಿಸಬೇಕು, ಇಲ್ಲದಿದ್ದರೆ ಎದುರಿನವರ ಕೈಗೆ ಕೊಟ್ಟಾಗಲೆಲ್ಲ ಚೌಕ ಅಡ್ಡ ಮಲಗುತ್ತದೆ. ಗಾಡಿ ಕುಲುಕಿ ಗೆರೆ ತಪ್ಪಿದರೆ ಅಳಿಸಿ ಮತ್ತೆ ಎಳೆಯಬಹುದೆಂದು ಮೊದಲೇ ಮಾತಾಡಿಕೊಂಡರೆ ಜಗಳವಿಲ್ಲ.

ಮನೆಗೆ ಮೂರನೆಯ ಗೆರೆ ಎಳೆದರೆ ಅದು ಎದುರಾಳಿಯ ಪಾಲು ಎಂಬುದು ಎರಡು ಆಟದೊಳಗೆ ಯಾರಿಗಾದರೂ ತಿಳಿಯುತ್ತದೆ. ಹಾಗಾಗಿ ಇಬ್ಬರೂ ಮೂರನೆಯ ಗೆರೆ ತಪ್ಪಿಸುತ್ತಾ ಹೋಗುತ್ತಾರೆ. ಕೊನೆಗೆ ಎರಡೆರಡು ಗೆರೆಯ ಮನೆಗಳು ಓಣಿಯಂತೆ ಒಂದಕ್ಕೊಂದು ಕೂಡಿಕೊಂಡು ಉಳಿಯುತ್ತವೆ. ನಿಜವಾದ ಆಟ ಶುರುವಾಗುವುದು ಇಲ್ಲಿಂದ.

ಅಕ್ಕ ಮೊದಲು ಗೆರೆ ಎಳೆದಳು ಎನ್ನೋಣ. 13 ಗೆರೆ ಮುಗಿದಿವೆ, ಒಂದು ಮನೆಯೂ ಕಟ್ಟಿಲ್ಲ. ಎಡಗಡೆಯ ಕಂಬಸಾಲು ಮತ್ತು ಕೆಳಗಿನ ಅಡ್ಡಸಾಲು ಸೇರಿ ಐದು ಮನೆಯ ಓಣಿ. ಮೇಲೆ ಬಲಮೂಲೆಯಲ್ಲಿ ನಾಲ್ಕು ಮನೆಯ ಇನ್ನೊಂದು ಓಣಿ. ಈಗ ಸರದಿ ತಮ್ಮನದು. ಎಲ್ಲಿ ಎಳೆದರೂ ಒಂದು ಓಣಿಯ ಬಾಗಿಲು ತೆರೆಯುತ್ತದೆ. ನಷ್ಟ ಕಡಿಮೆಯಿರಲೆಂದು ಅವನು ನಾಲ್ಕರ ಓಣಿಯ ತುದಿಯಲ್ಲಿ ಗೆರೆ ಎಳೆಯುತ್ತಾನೆ.

ಅಕ್ಕ ಆಸೆಗೆ ಬಿದ್ದು ನಾಲ್ಕನ್ನೂ ಕಟ್ಟಿಕೊಂಡಳೆನ್ನಿ. ಆಮೇಲೆ ಇನ್ನೊಂದು ಗೆರೆ ಅವಳೇ ಎಳೆಯಬೇಕು, ಉಳಿದಿರುವುದು ಐದರ ಓಣಿ ಮಾತ್ರ. ಆ ಐದೂ ತಮ್ಮನಿಗೆ. ಅಕ್ಕ 4–5ರಿಂದ ಸೋತಳು.

ಪಳಗಿದವರು ಹಾಗೆ ಮಾಡುವುದಿಲ್ಲ. ಅಕ್ಕ ಎರಡು ಮನೆ ಮಾತ್ರ ಕಟ್ಟುತ್ತಾಳೆ. ಆಗ ಓಣಿಯಲ್ಲಿ ಎರಡು ಗೆರೆ ಬಾಕಿ: ಕೊನೆಯ ಎರಡು ಮನೆಗಳ ನಡುವಿನದೊಂದು, ಆಚೆ ತುದಿಯದೊಂದು. ಅವಳು ತುದಿಯದನ್ನು ಎಳೆದು ಮೊಬೈಲು ಕೊಟ್ಟುಬಿಡುತ್ತಾಳೆ. ತಮ್ಮ ನಡುವಿನ ಗೆರೆ ಎಳೆದರೆ ಒಂದೇ ಏಟಿಗೆ ಎರಡು ಮನೆ ಸಿಗುತ್ತವೆ. ಆದರೆ ಮನೆ ಕಟ್ಟಿದವನು ಮತ್ತೆ ಆಡಲೇಬೇಕಲ್ಲ! ಐದರ ಓಣಿಯನ್ನು ಅವನೇ ತೆರೆಯಬೇಕಾಗುತ್ತದೆ. ಅಕ್ಕನಿಗೆ 7, ತಮ್ಮನಿಗೆ 2. ಎರಡು ಮನೆ ಬಿಟ್ಟುಕೊಟ್ಟದ್ದಕ್ಕೆ ಐದು ಮನೆ ಬಂತು.

ಈ ಉಪಾಯ ನಡೆಯಬೇಕಾದರೆ ಓಣಿಯಲ್ಲಿ ಕನಿಷ್ಠ ಮೂರು ಮನೆ ಇರಬೇಕು. ಅಂಥವನ್ನು ಉದ್ದ ಓಣಿ ಎನ್ನಬಹುದು. ಇಷ್ಟು ತಿಳಿದ ಇಬ್ಬರು ಕೂತರೆ ಪೈಪೋಟಿ, ಓಣಿಗಳ ಎಣಿಕೆಯ ಮೇಲೆ ನಡೆಯುತ್ತದೆ. 16 ಚುಕ್ಕಿಯ ಆಟದಲ್ಲಿ ಉದ್ದ ಓಣಿಗಳ ಸಂಖ್ಯೆ ಸಮವಾದರೆ ಸಾಮಾನ್ಯವಾಗಿ ಮೊದಲು ಆಡಿದವರಿಗೆ ಲಾಭ, ಬೆಸವಾದರೆ ಎರಡನೆಯವರಿಗೆ. ಮೇಲಿನ ಆಟದಲ್ಲಿ ಓಣಿ ಎರಡಿದ್ದವು, ಹಾಗಾಗಿ ಹಿಡಿತ ಅಕ್ಕನ ಕೈಯಲ್ಲಿತ್ತು. ಓಣಿ ಎರಡೂ ತುದಿ ಕೂಡಿ ಉಂಗುರವಾದರೆ ಮಾತ್ರ ಲೆಕ್ಕ ಬೇರೆ: ಅಲ್ಲಿ ಹಿಡಿತ ಉಳಿಸಿಕೊಳ್ಳಲು ಎರಡಲ್ಲ, ನಾಲ್ಕು ಮನೆ ಬಿಡಬೇಕು. ಅಮೆರಿಕದ ಗಣಿತಜ್ಞ ಎಲ್ವಿನ್ ಬರ್ಲೆಕ್ಯಾಂಪ್ ಈ ಒಂದೇ ಆಟದ ಮೇಲೆ 2000ದಲ್ಲಿ ಇಡೀ ಪುಸ್ತಕ ಬರೆದರು.

16 ಚುಕ್ಕಿಯ ಆಟ ಕೈಗೆ ಹತ್ತಿದ ಮೇಲೆ ಸಾಲಿಗೆ ಆರರಂತೆ 36 ಚುಕ್ಕಿ ಇಟ್ಟು ನೋಡಿ. ಅಲ್ಲಿ 25 ಮನೆ, 60 ಗೆರೆ.