ಜುಬೈಲ್‌ನಲ್ಲಿ ಫೋನು, ಕುಂದಾಪುರದಲ್ಲಿ ಬೀಗದ ಕೈ

ಸೌದಿ ಅರೇಬಿಯಾದ ಪೂರ್ವ ಕರಾವಳಿಯ ಜುಬೈಲ್‌ನಲ್ಲಿ ಕೆಲಸ ಮಾಡುವ, ಕುಂದಾಪುರ ಕಡೆಯ ಒಬ್ಬ ಪೈಪ್ ಫಿಟ್ಟರ್‌ನನ್ನು ಕಲ್ಪಿಸಿಕೊಳ್ಳಿ. ಹೆಸರು ಬೇಡ, ಅವನ ಕಥೆ ಕೊಲ್ಲಿ ದೇಶಗಳ ಲೇಬರ್ ಕ್ಯಾಂಪುಗಳಲ್ಲಿ ಯಾರದೂ ಆಗಬಹುದು. ಪಾಳಿ ಮುಗಿಸಿ, ಸ್ನಾನ ಮಾಡಿ, ಸಂಜೆ ಏಳಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಮನೆಗೆ ವಿಡಿಯೊ ಕಾಲ್ ಮಾಡುವುದು ಅವನ ರೂಢಿ. ಊರಲ್ಲಿ ಆಗ ಒಂಬತ್ತೂವರೆ, ಮಗಳು ಇನ್ನೇನು ಮಲಗುವ ಹೊತ್ತು. ಸೌದಿಯಲ್ಲಿ ಇಂಟರ್‌ನೆಟ್ ಕರೆಗಳ ಮೇಲಿದ್ದ ತಡೆ ಹೋದ ಮೇಲೆ ಇದೆಲ್ಲ ಸಲೀಸಾಯಿತು. ದುಬೈಯಲ್ಲಿರುವವರು ಬಾಟಿಮ್‌ನಂಥ ಪರವಾನಗಿಯ ಆ್ಯಪ್‌ಗಳಿಗೆ ದುಡ್ಡು ಕಟ್ಟಿದ್ದು ಅಂಥದೇ ತಡೆಯಿಂದಾಗಿ.

ಒಂದು ದಿನ ಅಟ್ಟಣಿಗೆಯ ಮೇಲಿಂದ ಅವನ ಫೋನ್ ಬಿತ್ತು. ಡಿಸ್‌ಪ್ಲೇ ಪೂರ್ತಿ ಕಪ್ಪು. ಸಂಬಳ ಬಂದ ವಾರವೇ ಆದ್ದರಿಂದ ಸಂಜೆಗೇ ಹೊಸ ಫೋನ್ ಕೊಂಡು, ವಾಟ್ಸ್‌ಆ್ಯಪ್ ಹಾಕಿ, ತನ್ನ ನಂಬರ್ ಒತ್ತಿದ. ಆರು ಅಂಕಿಯ ಕೋಡ್ ಕಳಿಸಿದ್ದೇವೆ ಎಂದಿತು. ಕೋಡ್ ಬರಲಿಲ್ಲ. ಮತ್ತೆ ಒತ್ತಿದ, ಆಗಲೂ ಇಲ್ಲ. ನಾಲ್ಕಾರು ಸಲ ಆದ ಮೇಲೆ, ಇನ್ನು ಇಂತಿಷ್ಟು ಗಂಟೆ ಕಾಯಿರಿ ಎಂಬ ಗಡಿಯಾರ ಓಡತೊಡಗಿತು. ಆ ಗಡಿಯಾರ ಬಂದ ಮೇಲೆ ಒತ್ತುತ್ತ ಕೂರುವುದರಿಂದ ಕಾಯುವ ಹೊತ್ತು ಬೆಳೆಯುತ್ತದೆಯೇ ಹೊರತು ಕೋಡ್ ಬರುವುದಿಲ್ಲ.

ಏಳೂಕಾಲಿಗೆ ಮಾಮೂಲಿ ಫೋನ್ ಕಾಲ್‌ನಲ್ಲೇ ಹೆಂಡತಿ ಸಿಕ್ಕಳು. "ಆಗ್ಳಿಂದ ಮಾಡ್ತಾ ಇದ್ದೆ, ರಿಂಗೇ ಆತಿಲ್ಲೆ ಕಾಣಿ" ಎಂದಳು. ಅವಳು ಗಮನಿಸಿದ್ದು ಸರಿಯೇ. ವಾಟ್ಸ್‌ಆ್ಯಪ್ ಕರೆಯಲ್ಲಿ ಆಚೆಯ ಫೋನ್ ಸಿಕ್ಕಿದ ಮೇಲಷ್ಟೇ ‘ರಿಂಗಿಂಗ್’ ಎಂದು ತೋರಿಸುತ್ತದೆ. ಸಿಗದಿದ್ದರೆ ‘ಕಾಲಿಂಗ್’ನಲ್ಲೇ ನಿಂತಿರುತ್ತದೆ. ಅವಳು ಕಳಿಸಿದ ಮೆಸೇಜುಗಳೂ ಒಂದೇ ಟಿಕ್‌ಗೆ ನಿಂತಿದ್ದವು.

ಕೋಡ್ ಎಲ್ಲಿಗೆ ಹೋಯಿತು? ಅವನ ವಾಟ್ಸ್‌ಆ್ಯಪ್ ಇದ್ದದ್ದು ಊರಿನ ನಂಬರ್‌ನಲ್ಲಿ. ಸೌದಿಗೆ ಇಳಿದ ದಿನ ಅಲ್ಲಿನ ಸಿಮ್ ಹಾಕಿಕೊಂಡ, ಊರಿನ ಸಿಮ್ ತೆಗೆದು ರಜೆಗೆ ಬಂದಾಗ ಮನೆಯಲ್ಲಿಟ್ಟ. ಆ್ಯಪ್ ಮಾತ್ರ ಹಳೆ ನಂಬರ್‌ನಲ್ಲೇ ನಡೆಯುತ್ತಿತ್ತು. ಹಾಗೆ ನಡೆಯುವುದರಿಂದಲೇ ಜನ ಮೋಸ ಹೋಗುತ್ತಾರೆ. ಒಮ್ಮೆ ಕೋಡ್ ಕೊಟ್ಟು ಒಳಹೊಕ್ಕ ಮೇಲೆ ಎಷ್ಟೋ ವರ್ಷ ಯಾರೂ ಸಿಮ್ಮನ್ನು ಕೇಳಿರುವುದಿಲ್ಲ, ಅದಿದೆ ಎಂಬುದೇ ಮರೆತಿರುತ್ತದೆ. ಫೋನ್ ಬದಲಾದ ದಿನ ಮಾತ್ರ ಅದು ಬೇಕೇ ಬೇಕು.

ಸಿಮ್ ಮನೆಯಲ್ಲಿದ್ದರೆ ಅಷ್ಟೇನೂ ತೊಂದರೆಯಿಲ್ಲ. ಹೆಂಡತಿ ಅದನ್ನು ತನ್ನ ಫೋನಿಗೆ ಹಾಕಿ, ಬಂದ ಕೋಡನ್ನು ಮಾಮೂಲಿ ಕರೆಯಲ್ಲಿ ಓದಿ ಹೇಳಿದರೆ ಸಾಕು, ಜುಬೈಲ್‌ನ ಫೋನ್ ತೆರೆದುಕೊಳ್ಳುತ್ತದೆ. (ಕೋಡ್ ಹೇಳುವುದು ಇಂಥ ಸಂದರ್ಭದಲ್ಲಿ, ಗುರುತಿನ ಧ್ವನಿಗೆ ಮಾತ್ರ. ‘ನಿಮ್ಮ ಖಾತೆ ಬಿಡಿಸಿಕೊಡುತ್ತೇನೆ, ಕೋಡ್ ಹೇಳಿ’ ಎನ್ನುವವನು ಯಾರೇ ಆಗಲಿ ಕಳ್ಳನೇ.) ಅವಳು ಕಪಾಟಿನಿಂದ ಸಿಮ್ ಹುಡುಕಿ ತೆಗೆದು ಹಾಕಿದಳು. ನೆಟ್‌ವರ್ಕ್ ಬರಲಿಲ್ಲ. ರೀಚಾರ್ಜ್ ಮಾಡಿಸದೆ ತಿಂಗಳುಗಟ್ಟಲೆ ಆಗಿತ್ತು.

ಪ್ರೀಪೇಯ್ಡ್ ನಂಬರ್ ಒಂದೇ ಏಟಿಗೆ ಸಾಯುವುದಿಲ್ಲ. ಪ್ಲಾನ್ ಮುಗಿದ ಮೇಲೆ ಮೊದಲು ಹೊರಹೋಗುವ ಕರೆ, ಆಮೇಲೆ ಒಳಬರುವ ಕರೆ, ಮೆಸೇಜು ನಿಲ್ಲುತ್ತವೆ. 2013ರಲ್ಲಿ ಟ್ರಾಯ್ ಮಾಡಿದ ನಿಯಮದಂತೆ 90 ದಿನ ಬಳಕೆಯಿಲ್ಲದಿದ್ದರೆ ಕಂಪನಿ ನಂಬರನ್ನು ರದ್ದು ಮಾಡಬಹುದು, ಖಾತೆಯಲ್ಲಿ 20 ರೂಪಾಯಿಯಾದರೂ ಇದ್ದರೆ ಮಾಡುವಂತಿಲ್ಲ. ರದ್ದಾದ ನಂಬರ್ 90 ದಿನ ಕಳೆಯುವವರೆಗೆ ಬೇರೆಯವರಿಗೆ ಹೋಗುವುದಿಲ್ಲ, ಆಮೇಲೆ ಹೋಗಬಹುದು. ಇದನ್ನು 2023ರಲ್ಲಿ ಸುಪ್ರೀಂ ಕೋರ್ಟ್‌ನಲ್ಲೂ ಟ್ರಾಯ್ ಹೇಳಿದೆ.

ಇನ್ನು ಉಳಿದದ್ದು, ಸಿಮ್ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆ. ಅದು ಅಪ್ಪನ ಅಥವಾ ಹೆಂಡತಿಯ ಹೆಸರಿನಲ್ಲಿದ್ದಿದ್ದರೆ ಅವರೇ ಕಂಪನಿಯ ಅಂಗಡಿಗೆ ಆಧಾರ್ ಹಿಡಿದು ಹೋಗಿ, ನಂಬರ್ ಇನ್ನೂ ಕೈತಪ್ಪಿಲ್ಲದಿದ್ದರೆ, ಮತ್ತೆ ಚಾಲೂ ಮಾಡಿಸಲು ನೋಡಬಹುದಿತ್ತು. ಇದ್ದದ್ದು ಅವನದೇ ಹೆಸರಿನಲ್ಲಿ. ಗುರುತು ತೋರಿಸಬೇಕಾದವನು ಸಮುದ್ರದಾಚೆ. ಸಿಮ್ ಸ್ವಂತ ಹೆಸರಿನಲ್ಲೇ ಇರಲಿ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ವರ್ಷಗಟ್ಟಲೆ ಹೊರಗಿರುವವನಿಗೆ ಆ ಒಳ್ಳೆಯ ಬುದ್ಧಿಯೇ ಉರುಳಾಗುವುದುಂಟು.

ಹೊಸ ಖಾತೆ ತೆರೆದರಾಯಿತಲ್ಲ ಎನ್ನಬಹುದು. ಸೌದಿ ನಂಬರ್‌ನಲ್ಲಿ ಅದು ಐದು ನಿಮಿಷದ ಕೆಲಸ, ಅವನು ಮಾಡಿಯೂ ಮಾಡಿದ. ಅಮ್ಮ ಎತ್ತಲಿಲ್ಲ. ಅವರಿಗೆ ಅಕ್ಷರ ಬಾರದು, ಮಗನ ಪಟ ಇರುವ ಸಾಲನ್ನು ಒತ್ತಿ ಗೊತ್ತು, ಅಷ್ಟೇ. 966ರಿಂದ ಶುರುವಾಗುವ, ಪಟವಿಲ್ಲದ ನಂಬರ್ ಎಂದರೆ ಮೋಸದವರದು, ಎತ್ತಬಾರದು ಎಂದು ಮೊಮ್ಮಕ್ಕಳೇ ಕಲಿಸಿದ್ದರು.

ಅವನನ್ನು ಹೆಚ್ಚು ಕಾಡಿದ್ದು ಇದಲ್ಲ. ಹೋದ ವರ್ಷ ತೀರಿಕೊಂಡ ಅಪ್ಪನ ವಾಯ್ಸ್ ಮೆಸೇಜುಗಳು ಹಳೆ ಖಾತೆಯಲ್ಲಿದ್ದವು. ವಿಡಿಯೊ ಕಾಲ್‌ಗಳೂ ಅಲ್ಲೇ ಎಲ್ಲೋ ಜಮಾ ಆಗಿರುತ್ತವೆ ಎಂದು ಅವನು ನಂಬಿದ್ದ. ಹಾಗಿಲ್ಲ. ವಾಟ್ಸ್‌ಆ್ಯಪ್ ಕರೆಯನ್ನು ರೆಕಾರ್ಡ್ ಮಾಡುವುದಿಲ್ಲ. ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ಎಂಬ ಪಟ್ಟಿ ಮಾತ್ರ ಫೋನಿನಲ್ಲಿರುತ್ತದೆ. ಖಾತೆ ತೆರೆದರೂ ಆ ಮುಖ ಸಿಗುತ್ತಿರಲಿಲ್ಲ. ಧ್ವನಿ ಮತ್ತು ಪಟಗಳ ಬ್ಯಾಕಪ್ ಗೂಗಲ್ ಡ್ರೈವ್‌ನಲ್ಲಿದ್ದರೂ ಅದನ್ನು ಇಳಿಸಿಕೊಳ್ಳಲು ಅದೇ ಗೂಗಲ್ ಖಾತೆಯ ಜೊತೆಗೆ ಅದೇ ಫೋನ್ ನಂಬರ್ ಬೇಕು. ಹಾಗಾಗಿ ಜಿಮೇಲ್ ಪಾಸ್‌ವರ್ಡ್ ನೆನಪಿದ್ದೂ ಅವನಿಗೆ ಉಪಯೋಗವಾಗಲಿಲ್ಲ.

ಬಿಡಿಸಿದ್ದು ರೂಮಿನಲ್ಲಿದ್ದ ಮೊಬೈಲ್ ರಿಪೇರಿ ಬಲ್ಲ ಕೇರಳದವನು. "ಹಳೇ ಫೋನ್ ಎಲ್ಲಿ?" ಎಂದು ಮೊದಲು ಕೇಳಿದ. ಪುಣ್ಯಕ್ಕೆ ಅದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟಿರಲಿಲ್ಲ. ಚಾರ್ಜರ್ ಚುಚ್ಚಿದರೆ ಕುಂಯ್‌ಗುಡುತ್ತಿತ್ತು. ಹೋಗಿದ್ದದ್ದು ಪರದೆ ಮಾತ್ರ. ಹೊಸ ಫೋನಿನಲ್ಲಿ ಕೋಡ್ ಹಾಕಿ ಒಳಹೋಗುವವರೆಗೆ ಹಳೆಯದರಲ್ಲಿ ಖಾತೆ ತೆರೆದೇ ಇರುತ್ತದೆ, ಎಷ್ಟು ಸಲ ಕೋಡ್ ಕೇಳಿದರೂ ಅದು ಮುಚ್ಚುವುದಿಲ್ಲ. ಅವನು ಬೇರೆ ಡಿಸ್‌ಪ್ಲೇ ಕೂರಿಸಿದ. ವೈಫೈ ಸಿಕ್ಕಿದ್ದೇ ತಡ ಮೂರು ದಿನದ ಮೆಸೇಜುಗಳೆಲ್ಲ ಒಟ್ಟಿಗೆ ಬಿದ್ದವು.

ಮುಂದಿನದು ಸುಲಭ. ಸೆಟ್ಟಿಂಗ್ಸ್‌ನೊಳಗೆ ಅಕೌಂಟ್, ಅದರೊಳಗೆ ‘ಚೇಂಜ್ ನಂಬರ್’. ಹಳೆ ನಂಬರ್, ಹೊಸ ನಂಬರ್ ಎರಡನ್ನೂ ಹಾಕಬೇಕು, ಕೋಡ್ ಬರುವುದು ಹೊಸದಕ್ಕೆ ಮಾತ್ರ. ಸತ್ತ ಸಿಮ್ಮಿನ ಹಂಗೇ ಇಲ್ಲ. ಆದರೆ ಸೌದಿ ನಂಬರ್‌ನಲ್ಲಿ ಮೂರು ದಿನದ ಹಿಂದೆ ತೆರೆದ ಹೊಸ ಖಾತೆಯನ್ನು ಅವರು ಮೊದಲು ಅಳಿಸಿದರು. ಆಮೇಲೆ ಹಳೆ ಖಾತೆಯೇ ಆ ನಂಬರಿಗೆ ಬಂತು, ಗುಂಪುಗಳು, ಅಪ್ಪನ ಧ್ವನಿ, ಪಟ ಎಲ್ಲ ಸಮೇತ. ಕೂಡಲೇ ಬ್ಯಾಕಪ್ ತೆಗೆದು, ಅದೇ ನಂಬರ್‌ನಲ್ಲಿ ಹೊಸ ಫೋನಿಗೆ ಇಳಿಸಿಕೊಂಡ.

ಹಳೆ ಫೋನ್ ಪೂರ್ತಿ ಸತ್ತಿದ್ದರೆ? ಆಗ ಅವನ ಬದಿಯಿಂದ ದಾರಿಯಿಲ್ಲ, ಆದರೆ ಎಲ್ಲ ಹೋಯಿತು ಎಂದೂ ಅಲ್ಲ. ಒಂದು ಮಾತುಕತೆಗೆ ಎರಡು ಪ್ರತಿ ಇರುತ್ತವೆ, ಅಪ್ಪ ಕಳಿಸಿದ್ದು ಅಪ್ಪನ ಫೋನಿನಲ್ಲೂ ಇರುತ್ತದೆ. ತೀರಿಕೊಂಡವರ ಫೋನನ್ನು ಅಳಿಸಿ ಮಕ್ಕಳ ಆಟಕ್ಕೆ ಕೊಡುವ ಮೊದಲು ಆ ಚಾಟ್ ತೆರೆದು ‘ಎಕ್ಸ್‌ಪೋರ್ಟ್’ ಮಾಡಿಟ್ಟುಕೊಂಡರೆ ಧ್ವನಿಯ ಫೈಲುಗಳೂ ಅದರೊಟ್ಟಿಗೆ ಬರುತ್ತವೆ. ಇನ್ನೊಂದು ಫೋನನ್ನು ‘ಲಿಂಕ್ಡ್ ಡಿವೈಸ್’ ಮಾಡಿಟ್ಟಿದ್ದರೂ ಅನುಕೂಲ, ಆದರೆ ಮುಖ್ಯ ಫೋನ್ 14 ದಿನ ಕಣ್ಣಿಗೆ ಬೀಳದಿದ್ದರೆ ಅದೂ ಕಳಚಿಕೊಳ್ಳುತ್ತದೆ.

ಇವರ ಮನೆಯಲ್ಲಿ ಇನ್ನೊಂದು ಕೆಲಸ ಬಾಕಿಯಿತ್ತು. ಹೆಂಡತಿ ಅತ್ತೆಯ ಫೋನಿನಲ್ಲಿ ಹೊಸ ನಂಬರಿಗೆ ಗಂಡನ ಹೆಸರು ಹಾಕಿ, ಆ ಸಾಲನ್ನು ಪಟದ ಸಮೇತ ಎಲ್ಲಕ್ಕಿಂತ ಮೇಲೆ ಪಿನ್ ಮಾಡಿದಳು. ಹಳೆ ನಂಬರನ್ನು ತೆಗೆದೇ ಹಾಕಿದಳು. ನಾಳೆ ಅದು ಯಾರೋ ಅಪರಿಚಿತರ ಪಾಲಾದರೆ, ಮಗನೆಂದು ಅತ್ತೆ ಅವರಿಗೇ ಕರೆ ಮಾಡಿಯಾರು.