ಒಂದೇ ಪಿಂಚಣಿ, ಎರಡು ಲೆಕ್ಕ

ತಿಂಗಳಿಗೆ 35,000 ರೂಪಾಯಿ ಪಿಂಚಣಿ ಪಡೆಯುವ, ಎಪ್ಪತ್ತು ದಾಟಿದ ಮೇಷ್ಟ್ರೊಬ್ಬರನ್ನು ಊಹಿಸಿಕೊಳ್ಳಿ. ಬೇರೆ ವರಮಾನವಿಲ್ಲ. 2023-24ರಲ್ಲಿ ಅವರ ಪಿಂಚಣಿ 4,20,000 ರೂಪಾಯಿ. ಹೊಸ ಪದ್ಧತಿಯಲ್ಲಿ 50,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಉಳಿಯುವುದು 3,70,000. ಆ ವರ್ಷ ಏಳು ಲಕ್ಷದವರೆಗೆ ರಿಯಾಯಿತಿ ಇದ್ದುದರಿಂದ ತೆರಿಗೆ ಸೊನ್ನೆ. ಆದರೂ 35,360 ರೂಪಾಯಿ ಕಟ್ಟಿ ಎಂದು ಡಿಮ್ಯಾಂಡ್ ಬಂದಿದೆ.

ಅಷ್ಟು ಹಣ ಎಲ್ಲಿಂದ ಬಂತು? ಪಿಂಚಣಿ ಎರಡು ಸಲ ಸೇರಿ 8,40,000 ಆಯಿತು, ತೆರಿಗೆಗೆ ಒಳಪಡುವ ಮೊತ್ತ 7,90,000ಕ್ಕೆ ಏರಿತು. ಏಳು ಲಕ್ಷದ ಗಡಿ ದಾಟಿದ್ದರಿಂದ ರಿಯಾಯಿತಿಯೂ ಹೋಯಿತು. 34,000 ತೆರಿಗೆ, 1,360 ಸೆಸ್.

ಪಿಂಚಣಿ ಕೊಡುವ ಬ್ಯಾಂಕು ಇಲಾಖೆಗೆ ವಿವರ ಸಲ್ಲಿಸಬೇಕು. ಶಾಖೆಯೂ ಪಿಂಚಣಿ ಕೇಂದ್ರವೂ ತಮ್ಮ ತಮ್ಮ ಟ್ಯಾನ್ ಸಂಖ್ಯೆಯಲ್ಲಿ ಅದೇ ಮೊತ್ತ ಸಲ್ಲಿಸಿದರೆ ವಾರ್ಷಿಕ ಮಾಹಿತಿ ವಿವರದಲ್ಲಿ, ಅಂದರೆ ಎಐಎಸ್‌ನಲ್ಲಿ, ಎರಡು ಸಾಲು ಕಾಣುತ್ತವೆ. ಸೈಬರ್ ಅಂಗಡಿಯವರು ಎರಡನ್ನೂ ರಿಟರ್ನ್‌ಗೆ ಸೇರಿಸಿಬಿಟ್ಟರೆ ಮುಗಿಯಿತು. ಇದನ್ನು ಪತ್ತೆ ಮಾಡಲು ಪಾಸ್‌ಬುಕ್ ಸಾಕು: ಹನ್ನೆರಡೇ ಜಮೆ, ಒಟ್ಟು 4,20,000. ಆದರೆ ಸ್ವಂತ ಪಿಂಚಣಿಯ ಜೊತೆ ಸಂಗಾತಿಯ ಕುಟುಂಬ ಪಿಂಚಣಿಯೂ ಬರುತ್ತಿದ್ದರೆ ಅವು ನಿಜಕ್ಕೂ ಎರಡು ವರಮಾನ. ಅಲ್ಲಿ ತಕರಾರು ನಿಲ್ಲುವುದಿಲ್ಲ.

ಮೇಷ್ಟ್ರು ಬರೆಯುವ ಮೊದಲ ಕರಡು ಸಾಮಾನ್ಯವಾಗಿ ತಮ್ಮ ಪ್ರಾಮಾಣಿಕತೆಯ ಕಥೆಯಾಗಿರುತ್ತದೆ. ಓದುವ ಅಧಿಕಾರಿಗೆ ಬೇಕಿರುವುದು ಅದಲ್ಲ. ಹೀಗೆ ಬರೆದರೆ ಸಾಕು: “ನನಗಿರುವುದು ಒಂದೇ ಪಿಂಚಣಿ, ಪಿಪಿಒ ಸಂಖ್ಯೆಯೂ ಒಂದೇ. ವರ್ಷದಲ್ಲಿ ಬಂದದ್ದು 4,20,000 ರೂಪಾಯಿ. ಅದೇ ಮೊತ್ತ ಎರಡು ಟ್ಯಾನ್ ಅಡಿ ದಾಖಲಾಗಿ ರಿಟರ್ನ್‌ನಲ್ಲೂ ಎರಡು ಸಲ ಸೇರಿದೆ. ಒಂದನ್ನು ತೆಗೆದು ಮರುಲೆಕ್ಕ ಮಾಡಬೇಕೆಂದು ಕೋರುತ್ತೇನೆ.” ಜೊತೆಗೆ ಪಾಸ್‌ಬುಕ್ ಪುಟಗಳು, ಫಾರಂ 16, ಕೊಟ್ಟದ್ದು ಒಂದೇ ಪಿಂಚಣಿ ಎಂಬ ಬ್ಯಾಂಕಿನ ಪತ್ರ.

ಈ ಪತ್ರವನ್ನು ಅಂಚೆಗೆ ಹಾಕಿ ಸುಮ್ಮನಾದರೆ ಕೆಲಸವಾಗದು. ಪೋರ್ಟಲ್‌ನ Response to Outstanding Demand ವಿಭಾಗದಲ್ಲಿ ಬೇಡಿಕೆಗೆ ಅಸಮ್ಮತಿ ದಾಖಲಿಸಬೇಕು. ಅಸಮ್ಮತಿಯೊಂದರಿಂದಲೇ ಅಂಕಿ ಬದಲಾಗುವುದಿಲ್ಲ, ಹಾಗಾಗಿ ತಿದ್ದುಪಡಿ ಅರ್ಜಿಯನ್ನೂ ಸಲ್ಲಿಸಬೇಕು. ಎಐಎಸ್‌ನ ಹೆಚ್ಚುವರಿ ಸಾಲಿಗೆ Information is duplicate / included in other information ಎಂದು ಗುರುತು ಹಾಕಿ, ವಿವರ ಸರಿಪಡಿಸುವಂತೆ ಬ್ಯಾಂಕಿಗೂ ಬರೆಯಬೇಕು. ಇಲ್ಲವಾದರೆ ಮುಂದಿನ ವರ್ಷವೂ ಇದೇ ಪಾಡು.

ಸುಮ್ಮನಿದ್ದರೆ ಮೂವತ್ತು ದಿನಗಳ ನಂತರ ಬಾಕಿಯ ಮೇಲೆ ತಿಂಗಳಿಗೆ ಶೇ 1ರಂತೆ ಬಡ್ಡಿ ಬೆಳೆಯುತ್ತದೆ, ಮುಂದೆ ಬರಬೇಕಾದ ರಿಫಂಡ್‌ನಿಂದಲೂ ಕಡಿತವಾಗಬಹುದು. ಮೇಲ್ಮನವಿಗೂ ಇರುವುದು ಮೂವತ್ತೇ ದಿನ; ತಿದ್ದುಪಡಿ ಅರ್ಜಿ ಹಾಕಿದ ಮಾತ್ರಕ್ಕೆ ಆ ಗಡುವು ನಿಲ್ಲುವುದಿಲ್ಲ.