ಕೆಮಿಕಲ್ ಪ್ರೆಗ್ನೆನ್ಸಿ: ನಾಲ್ಕು ದಿನ ತಡವಾಗಿ ಬಂದ ಮುಟ್ಟು

ಗರ್ಭ ಕಟ್ಟಿ, ಸ್ಕ್ಯಾನಿಂಗಿನಲ್ಲಿ ಕಣ್ಣಿಗೆ ಬೀಳುವಷ್ಟು ಬೆಳೆಯುವ ಮೊದಲೇ ನಿಂತುಹೋದರೆ ಅದನ್ನು ವೈದ್ಯರು ಕೆಮಿಕಲ್ ಪ್ರೆಗ್ನೆನ್ಸಿ ಎನ್ನುತ್ತಾರೆ. ಸಾಮಾನ್ಯವಾಗಿ ಐದನೆಯ ವಾರದ ಹೊತ್ತಿಗೆ ಇದು ಮುಗಿದಿರುತ್ತದೆ. ಬಸಿರಿನ ವಾರಗಳನ್ನು ಎಣಿಸುವುದು ಹಿಂದಿನ ಮುಟ್ಟಿನ ಮೊದಲ ದಿನದಿಂದ. ಹಾಗಾಗಿ ಐದನೆಯ ವಾರ ಎಂದರೆ ಮುಟ್ಟಾಗಬೇಕಿದ್ದ ದಿನ ಕಳೆದು ಒಂದು ವಾರದೊಳಗಿನ ಮಾತು. ಪರೀಕ್ಷೆ ಮಾಡಿಕೊಳ್ಳದ ಹೆಂಗಸಿಗೆ ಗೊತ್ತಾಗುವುದು ಇಷ್ಟೇ: ಈ ಸಲ ಮೂರು ನಾಲ್ಕು ದಿನ ಮುಂದಕ್ಕೆ ಹೋಯಿತು, ಬಂದಾಗ ಸ್ವಲ್ಪ ಹೆಚ್ಚಾಗಿಯೇ ಹೋಯಿತು, ಸೊಂಟವೂ ಕಿಬ್ಬೊಟ್ಟೆಯೂ ಎಂದಿಗಿಂತ ಹೆಚ್ಚು ನೋಯಿತು. ಪರೀಕ್ಷೆ ಮಾಡಿಕೊಂಡವಳಿಗೆ ಅದೇ ರಕ್ತಸ್ರಾವ ಬೇರೆಯೇ ಸುದ್ದಿ. ಎರಡು ದಿನದ ಹಿಂದೆ ಕಿಟ್ಟಿನಲ್ಲಿ ಎರಡು ಗೆರೆ ನೋಡಿದವಳು ಅವಳು.

ನಡೆಯುವುದೇನೆಂದು ತಿಳಿಯಲು ತಿಂಗಳ ನಡುವಿನಿಂದ ಶುರುಮಾಡಬೇಕು. 28 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಸುಮಾರು 14ನೆಯ ದಿನ ಅಂಡಾಶಯದಿಂದ ಅಂಡಾಣು ಹೊರಬರುತ್ತದೆ. ಅದು ವೀರ್ಯಾಣುವಿನೊಂದಿಗೆ ಕೂಡಿದರೆ ಭ್ರೂಣವಾಗಿ, ಕೋಶ ಕೋಶವಾಗಿ ಒಡೆಯುತ್ತ ಗರ್ಭನಾಳದಲ್ಲಿ ಸಾಗಿ, ಐದಾರು ದಿನಗಳಲ್ಲಿ ಗರ್ಭಕೋಶಕ್ಕೆ ಬಂದು ಅದರ ಒಳಪದರದಲ್ಲಿ ನೆಲೆಗೊಳ್ಳತೊಡಗುತ್ತದೆ. ಹೀಗೆ ನೆಲೆಗೊಂಡ ಭ್ರೂಣದ ಹೊರಕೋಶಗಳು ಎಚ್‌ಸಿಜಿ ಎಂಬ ಹಾರ್ಮೋನನ್ನು ತಾಯಿಯ ರಕ್ತಕ್ಕೆ ಬಿಡುತ್ತವೆ. ಅಂಡಾಣು ಹೊರಬಂದ ಜಾಗದಲ್ಲಿ ಉಳಿದಿರುವ ಗ್ರಂಥಿಗೆ ಈ ಹಾರ್ಮೋನು ಬೇಕು. ಆ ಗ್ರಂಥಿ ತಯಾರಿಸುವ ಪ್ರೊಜೆಸ್ಟರಾನ್ ಗರ್ಭಕೋಶದ ಒಳಪದರವನ್ನು ಹಿಡಿದು ನಿಲ್ಲಿಸಿರುತ್ತದೆ. ಎಚ್‌ಸಿಜಿ ಬಾರದಿದ್ದರೆ ಗ್ರಂಥಿ ಸುಮಾರು ಎರಡು ವಾರದಲ್ಲಿ ಕುಗ್ಗುತ್ತದೆ, ಪ್ರೊಜೆಸ್ಟರಾನ್ ಇಳಿಯುತ್ತದೆ, ಪದರ ಕಳಚಿ ಮುಟ್ಟಾಗುತ್ತದೆ. ಭ್ರೂಣ ನೆಲೆಗೊಂಡು ಕೆಲವು ದಿನ ಎಚ್‌ಸಿಜಿ ಬಿಟ್ಟು ಆಮೇಲೆ ಬೆಳವಣಿಗೆ ನಿಲ್ಲಿಸಿದರೆ ಇದೇ ಸರಣಿ ನಾಲ್ಕಾರು ದಿನ ತಡವಾಗಿ ನಡೆಯುತ್ತದೆ. ಮುಟ್ಟು ಮುಂದಕ್ಕೆ ಹೋಗುವುದು ಇದರಿಂದಲೇ. ಕಳಚಿ ಬರುವುದು ಬಹುಪಾಲು ತಿಂಗಳು ತಿಂಗಳೂ ಬರುವ ಪದರವೇ. ಭ್ರೂಣ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿರುವುದಿಲ್ಲ. ಪ್ಯಾಡಿನಲ್ಲಿ ಕಂಡ ಗಡ್ಡೆಯನ್ನು ನೋಡಿ ‘ಇದೇ ಮಗು’ ಎಂದು ನೊಂದುಕೊಳ್ಳುವವರಿಗೆ ಈ ಮಾತನ್ನು ಯಾರಾದರೂ ಬಿಡಿಸಿ ಹೇಳಬೇಕು.

ಇಂಥ ನಷ್ಟ ಎಷ್ಟು ಸಾಮಾನ್ಯವೆಂದು ಮೊದಲು ಸ್ಪಷ್ಟವಾಗಿ ತೋರಿಸಿದ್ದು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ. ಮಗು ಬೇಕೆಂದಿದ್ದ 221 ಹೆಂಗಸರು ದಿನವೂ ಬೆಳಗಿನ ಮೂತ್ರವನ್ನು ಶೇಖರಿಸಿ ಕೊಟ್ಟರು. ಅದರಲ್ಲಿ ಅತಿ ಸಣ್ಣ ಪ್ರಮಾಣದ ಎಚ್‌ಸಿಜಿಯನ್ನೂ ಹಿಡಿಯಬಲ್ಲ ಪರೀಕ್ಷೆ ನಡೆಯಿತು. 1988ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಒಟ್ಟು 198 ಗರ್ಭಗಳಲ್ಲಿ ಶೇಕಡ 22ರಷ್ಟು, ಅಂದರೆ ಐದರಲ್ಲಿ ಒಂದಕ್ಕಿಂತ ಹೆಚ್ಚು, ಬಸಿರೆಂದು ಗೊತ್ತಾಗುವ ಮೊದಲೇ ಮುಗಿದಿದ್ದವು. ಹೀಗೆ ಗರ್ಭ ಕಳೆದುಕೊಂಡ ಹೆಂಗಸರಲ್ಲಿ ಶೇಕಡ 95ರಷ್ಟು ಮಂದಿ ಎರಡು ವರ್ಷದೊಳಗೆ ಮತ್ತೆ ಬಸಿರಾದರು. ಈ ಎರಡನೆಯ ಸಂಖ್ಯೆಯೇ ನಿಜಕ್ಕೂ ನೆನಪಿಡಬೇಕಾದದ್ದು. ಒಂದು ಕೆಮಿಕಲ್ ಪ್ರೆಗ್ನೆನ್ಸಿ ಆಯಿತೆಂದರೆ ಮುಂದೆ ಮಕ್ಕಳಾಗುವುದು ಕಷ್ಟವೆಂದು ಅರ್ಥವಲ್ಲ.

ಅದೇ ಹೆಂಗಸರು ಬರೆದಿಟ್ಟಿದ್ದ ದಿನಚರಿಗಳನ್ನು ಆಮೇಲೆ ಮತ್ತೊಮ್ಮೆ ನೋಡಿದಾಗ ಇನ್ನೊಂದು ಸಂಗತಿ ತಿಳಿಯಿತು. ಆರು ವಾರದೊಳಗೆ ಗರ್ಭ ಹೋದಾಗಿನ ರಕ್ತಸ್ರಾವ ಅವರ ಮಾಮೂಲಿ ಮುಟ್ಟಿಗಿಂತ ಸರಾಸರಿ ಅರ್ಧ ದಿನದಷ್ಟೇ ಹೆಚ್ಚು ನಡೆದಿತ್ತು. ಅಂದಮೇಲೆ ಬರೀ ರಕ್ತಸ್ರಾವವನ್ನು ನೋಡಿ ‘ಇದು ಮುಟ್ಟು’, ‘ಇದು ಗರ್ಭ’ ಎಂದು ಯಾರೂ ಖಚಿತವಾಗಿ ಹೇಳಲಾರರು. ತಡವಾದ, ಹೆಚ್ಚು ಹೋದ ಮುಟ್ಟುಗಳೆಲ್ಲ ಕೆಮಿಕಲ್ ಪ್ರೆಗ್ನೆನ್ಸಿಯೂ ಅಲ್ಲ. ಥೈರಾಯ್ಡ್, ಪಿಸಿಒಡಿ, ಮನಸ್ಸಿನ ಒತ್ತಡ, ಆ ತಿಂಗಳು ಅಂಡಾಣು ತಡವಾಗಿ ಬಿಡುಗಡೆಯಾದದ್ದು, ಇವೆಲ್ಲವೂ ಮುಟ್ಟನ್ನು ಮುಂದೂಡುತ್ತವೆ. ವ್ಯತ್ಯಾಸ ತಿಳಿಸುವುದು ಎಚ್‌ಸಿಜಿ ಪರೀಕ್ಷೆ ಮಾತ್ರ.

ಔಷಧದಂಗಡಿಯ ಕಿಟ್ಟಾಗಲಿ, ಆಶಾ ಕಾರ್ಯಕರ್ತೆ ಕೊಡುವ ‘ನಿಶ್ಚಯ್’ ಕಿಟ್ಟಾಗಲಿ ಮಾಡುವುದು ಇದೇ ಪರೀಕ್ಷೆಯನ್ನು. ಮೂತ್ರದ ಕೆಲವು ಹನಿ ಬಿಟ್ಟಾಗ ‘C’ ಎಂಬಲ್ಲಿ ಗೆರೆ ಮೂಡಿದರೆ ಕಿಟ್ ಸರಿಯಾಗಿದೆ ಎಂದರ್ಥ. ‘T’ ಎಂಬಲ್ಲಿಯೂ ಮೂಡಿದರೆ ಎಚ್‌ಸಿಜಿ ಇದೆ ಎಂದರ್ಥ. ಹೆಚ್ಚಿನ ಕಿಟ್‌ಗಳಿಗೆ ಮಿಲಿಲೀಟರಿಗೆ ಸುಮಾರು 25 ಮಿಲಿ-ಯೂನಿಟ್ಟಿನಷ್ಟಾದರೂ ಹಾರ್ಮೋನು ಬೇಕು. ಅದಕ್ಕಿಂತ ತುಸುವೇ ಮೇಲಿದ್ದಾಗ ‘T’ ಗೆರೆ ಮಸುಕಾಗಿ ಬರುತ್ತದೆ. ಪೊಟ್ಟಣದ ಮೇಲೆ ಬರೆದ ಸಮಯ ಮೀರಿ, ಗಂಟೆಗಟ್ಟಲೆ ಬಿಟ್ಟು ನೋಡಿದರೆ ಕಾಣುವ ಬೂದು ಗೆರೆ ಮೂತ್ರ ಒಣಗಿದ ಗುರುತಷ್ಟೇ ಆಗಿರಬಹುದು. ಮುಟ್ಟಾಗಬೇಕಾದ ದಿನಕ್ಕೆ ಮೊದಲೇ ದಿನದಿನವೂ ಕಿಟ್ ಹಾಕಿ ನೋಡುವವರಿಗೆ, ಹಿಂದಿನ ತಲೆಮಾರಿನವರಿಗೆ ಗೊತ್ತೇ ಆಗದೆ ಹೋಗುತ್ತಿದ್ದ ಇಂಥ ಗರ್ಭಗಳೂ ಕಾಣಸಿಗುತ್ತವೆ. ಮುಟ್ಟು ತಪ್ಪಿ ಒಂದು ವಾರ ಕಾದು ನೋಡಿದರೆ ಬರುವ ಉತ್ತರ ಹೆಚ್ಚು ನಂಬಿಕೆಯದು.

ಕ್ರಮವಾಗಿ ಹೇಗೆ ನಡೆಯುತ್ತದೆಂದು ಒಂದು ಉದಾಹರಣೆಯಲ್ಲಿ ನೋಡಬಹುದು. ತಪ್ಪದೆ 28 ದಿನಕ್ಕೆ ಮುಟ್ಟಾಗುವ 29 ವರ್ಷದ ಹೆಂಗಸು. 14ನೆಯ ದಿನ ಅಂಡಾಣು ಬಿಡುಗಡೆಯಾಗಿ, 25ನೆಯ ದಿನ ಭ್ರೂಣ ನೆಲೆಗೊಂಡಿತು ಎನ್ನೋಣ. ಇದು ತಡವೇ, ಸಾಮಾನ್ಯವಾಗಿ ಎಂಟರಿಂದ ಹತ್ತು ದಿನಗಳಲ್ಲಿ ಆಗುವ ಕೆಲಸಕ್ಕೆ ಇಲ್ಲಿ ಹನ್ನೊಂದು ದಿನ ಹಿಡಿದಿದೆ. ನೆಲೆಗೊಳ್ಳುವುದು ತಡವಾದಷ್ಟೂ ಗರ್ಭ ಉಳಿಯದಿರುವ ಸಂಭವ ಹೆಚ್ಚುವುದನ್ನು ವಿಲ್ಕಾಕ್ಸರ ತಂಡವೇ 1999ರಲ್ಲಿ ತೋರಿಸಿತು. 30ನೆಯ ದಿನ ಮುಟ್ಟು ಬಂದಿಲ್ಲ, ಕಿಟ್ಟಿನಲ್ಲಿ ಮಸುಕು ಗೆರೆ. ಅಂದೇ ರಕ್ತ ಕೊಟ್ಟರೆ ಬೀಟಾ ಎಚ್‌ಸಿಜಿ 34. ಮೊದಲ ವಾರಗಳಲ್ಲಿ ಬೆಳೆಯುತ್ತಿರುವ ಗರ್ಭದಲ್ಲಿ ಈ ಅಂಕಿ ಎರಡು ಮೂರು ದಿನಕ್ಕೊಮ್ಮೆ ಹೆಚ್ಚೂಕಡಿಮೆ ಇಮ್ಮಡಿಯಾಗುತ್ತ ಹೋಗಬೇಕು. 48 ಗಂಟೆ ಬಿಟ್ಟು 32ನೆಯ ದಿನ ಮತ್ತೆ ನೋಡಿದಾಗ ಬಂದದ್ದು 19. ಅಂದೇ ಸಂಜೆ ರಕ್ತಸ್ರಾವ ಶುರುವಾಗಿ ಆರು ದಿನ ನಡೆಯುತ್ತದೆ. ಒಂದು ವಾರದ ಮೇಲಿನ ಪರೀಕ್ಷೆಯಲ್ಲಿ ಅಂಕಿ 5ಕ್ಕಿಂತ ಕೆಳಗಿಳಿದಿರುತ್ತದೆ, ಅಂದರೆ ಬಸಿರಿಲ್ಲದ ಸ್ಥಿತಿ. ಈ ಹೆಂಗಸಿಗೆ 30ನೆಯ ದಿನವೇ ಸ್ಕ್ಯಾನ್ ಮಾಡಿದ್ದರೂ ಏನೂ ಕಾಣುತ್ತಿರಲಿಲ್ಲ, ಏಕೆಂದರೆ ಗರ್ಭಚೀಲ ಸ್ಕ್ಯಾನಿಂಗಿನಲ್ಲಿ ಕಾಣಬೇಕಾದರೆ ಎಚ್‌ಸಿಜಿ ಸಾವಿರ ದಾಟಿ, ಬಹಳ ಸಲ ಎರಡು ಮೂರು ಸಾವಿರ ಮುಟ್ಟಿರಬೇಕು. ಮೊದಲ ಅಂಕಿ 34 ಇದ್ದದ್ದೇ ಕೆಟ್ಟ ಸುದ್ದಿಯಲ್ಲ. ಅಷ್ಟರಿಂದ ಶುರುವಾಗಿ ಒಂಬತ್ತು ತಿಂಗಳು ತುಂಬಿದ ಬಸಿರುಗಳೂ ಉಂಟು. ಉತ್ತರ ಇರುವುದು ಎರಡು ಅಂಕಿಗಳ ನಡುವಿನ ಏರಿಳಿತದಲ್ಲಿ.

ಭ್ರೂಣ ಏಕೆ ಬೆಳವಣಿಗೆ ನಿಲ್ಲಿಸುತ್ತದೆ? ಬಹಳಷ್ಟು ಸಲ ಅದರ ವರ್ಣತಂತುಗಳ ಲೆಕ್ಕ ತಪ್ಪಿರುತ್ತದೆ. ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗ, ಇಲ್ಲವೇ ಭ್ರೂಣದ ಮೊದಲ ಕೋಶಗಳು ಒಡೆಯುವಾಗ ಒಂದು ವರ್ಣತಂತು ಹೆಚ್ಚಾಗಿ ಸೇರಿಯೋ ಬಿಟ್ಟುಹೋಗಿಯೋ, ಮುಂದೆ ಬೆಳೆಯಲು ಬೇಕಾದ ಸೂಚನೆಗಳು ಕೆಟ್ಟಿರುತ್ತವೆ. ಹೆಣ್ಣಿನ ವಯಸ್ಸು 35 ದಾಟಿದ ಮೇಲೆ ಅಂಡಾಣುಗಳಲ್ಲಿ ಇಂಥ ತಪ್ಪು ಹೆಚ್ಚುತ್ತದೆ. ನಮ್ಮ ಮನೆಗಳಲ್ಲಿ ಮಾತ್ರ ಲೆಕ್ಕ ಬೇರೆ ಕಡೆ ಹೋಗುತ್ತದೆ: ಪಪ್ಪಾಯಿ ತಿಂದಳು, ಎಳ್ಳುಂಡೆ ತಿಂದು ಉಷ್ಣ ಮಾಡಿಕೊಂಡಳು, ಸ್ಕೂಟರಿನಲ್ಲಿ ಓಡಾಡಿದಳು, ಭಾರದ ಕೊಡ ಎತ್ತಿದಳು. ಭ್ರೂಣ ನೆಲೆಗೊಂಡು ಒಂದು ವಾರವೂ ತುಂಬದ ಈ ಹಂತದಲ್ಲಿ ಗರ್ಭ ನಿಲ್ಲುವುದು ಒಂದು ಹೋಳು ಹಣ್ಣಿನಿಂದಲೋ ಒಂದು ದಿನದ ಓಡಾಟದಿಂದಲೋ ಅಲ್ಲ. ಸೊಸೆಯ ಮೇಲೆ ಹೊರಿಸುವ ಈ ತಪ್ಪು ಅವಳದಲ್ಲ. ಅವಳು ಹಾಸಿಗೆ ಹಿಡಿದು ಮಲಗಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ.

ಇದಕ್ಕೆ ಚಿಕಿತ್ಸೆ ಎಂಬುದು ಸಾಮಾನ್ಯವಾಗಿ ಬೇಕಿಲ್ಲ. ಗರ್ಭಕೋಶ ತಾನಾಗಿಯೇ ತೆರವಾಗುವುದರಿಂದ ‘ಕ್ಲೀನ್’ ಮಾಡಿಸುವ ಅಗತ್ಯವೂ ಬಾರದು. ಆದರೆ ಎಚ್‌ಸಿಜಿ ಪೂರ್ತಿ ಇಳಿದದ್ದನ್ನು ನೋಡದೆ ಬಿಡಬಾರದು, ಅದಕ್ಕೆ ಗಂಭೀರವಾದ ಕಾರಣವಿದೆ. ಗರ್ಭ ಗರ್ಭಕೋಶದಲ್ಲಿ ಕಟ್ಟದೆ ಗರ್ಭನಾಳದಲ್ಲೇ ಕಟ್ಟಿದ್ದಾಗಲೂ ಮೊದಮೊದಲು ಕಾಣುವ ಚಿತ್ರ ಹೀಗೆಯೇ: ತಡವಾದ ಮುಟ್ಟು, ಮಸುಕು ಗೆರೆ, ಸ್ಕ್ಯಾನಿಂಗಿನಲ್ಲಿ ಖಾಲಿ ಗರ್ಭಕೋಶ, ಒಂದಿಷ್ಟು ರಕ್ತ. ಅಂಥಲ್ಲಿ ಅಂಕಿ ಸರಸರನೆ ಇಳಿಯದೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ ಅಥವಾ ನಿಧಾನವಾಗಿ ಏರುತ್ತದೆ. ನಾಳ ಒಡೆದರೆ ಹೊಟ್ಟೆಯೊಳಗೆ ರಕ್ತ ಸುರಿದು ಜೀವಕ್ಕೇ ಅಪಾಯ. ಕಿಬ್ಬೊಟ್ಟೆಯ ಒಂದು ಕಡೆ ಬಿಡದ ನೋವು, ಹೆಗಲ ತುದಿಯಲ್ಲಿ ನೋವು, ಕಣ್ಣುಕತ್ತಲೆ ಬಂದು ಬೀಳುವಂತಾಗುವುದು, ಇವುಗಳಲ್ಲಿ ಒಂದು ಕಂಡರೂ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೋಗಬೇಕು. ಗಂಟೆಗೆ ಎರಡು ಪ್ಯಾಡ್‌ನಂತೆ ಎರಡು ಗಂಟೆ ನೆನೆದರೂ ಹಾಗೆಯೇ.

ಐವಿಎಫ್ ಮಾಡಿಸಿಕೊಂಡವರಲ್ಲಿ ಇದು ಹೆಚ್ಚಾಗಿ ತಿಳಿಯುತ್ತದೆ, ಏಕೆಂದರೆ ಭ್ರೂಣವಿಟ್ಟ ಸುಮಾರು ಎರಡು ವಾರಕ್ಕೆ ಎಲ್ಲರಿಗೂ ಬೀಟಾ ಎಚ್‌ಸಿಜಿ ಪರೀಕ್ಷೆ ಆಗುತ್ತದೆ. ಅವರು ಎರಡು ವಿಷಯ ತಿಳಿದಿರಬೇಕು. ಅಂಡಾಣು ಬಿಡುಗಡೆಗೆಂದು ಹಾಕುವ ಇಂಜೆಕ್ಷನ್ನಿನಲ್ಲಿ ಕೆಲವೊಮ್ಮೆ ಎಚ್‌ಸಿಜಿಯೇ ಇರುತ್ತದೆ. ಅದು ಹತ್ತು ದಿನ ಅಥವಾ ಇನ್ನೂ ಹೆಚ್ಚು ಕಾಲ ದೇಹದಲ್ಲಿ ಉಳಿದು ಕಿಟ್ಟಿನಲ್ಲಿ ಸುಳ್ಳು ಗೆರೆ ಮೂಡಿಸಬಲ್ಲದು. ಇನ್ನು ಪ್ರೊಜೆಸ್ಟರಾನ್ ಮಾತ್ರೆ ನಡೆಯುತ್ತಿದ್ದರೆ ಗರ್ಭ ನಿಂತ ಮೇಲೂ ರಕ್ತಸ್ರಾವ ತಡೆದಿರಬಹುದು. ವೈದ್ಯರು ಹೇಳಿ ಮಾತ್ರೆ ನಿಲ್ಲಿಸಿದ ಕೆಲವು ದಿನಕ್ಕೆ ಅದು ಬರುತ್ತದೆ.

ಆಮೇಲಿನ ಮುಟ್ಟು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಕ್ಕೆ ಬರುತ್ತದೆ. ಅಂಡಾಣು ಅದಕ್ಕೂ ಎರಡು ವಾರ ಮೊದಲೇ ಬಿಡುಗಡೆಯಾಗುವುದರಿಂದ, ನಡುವೆ ಒಮ್ಮೆಯೂ ಮುಟ್ಟಾಗದೆ ಮತ್ತೆ ಬಸಿರಾಗುವುದೂ ಉಂಟು. ತಿಂಗಳುಗಟ್ಟಲೆ ಕಾಯಬೇಕೆಂಬ ವೈದ್ಯಕೀಯ ನಿಯಮವಿಲ್ಲ. ಮನಸ್ಸು ಸಿದ್ಧವಾಗುವವರೆಗೆ ಕಾಯುವುದು ಅವರವರಿಗೆ ಬಿಟ್ಟದ್ದು. ಒಂದೇ ಸಲ ಆದರೆ ತಪಾಸಣೆಯೂ ಬೇಡ. ಎರಡು ಮೂರು ಸಲ ಹೀಗೇ ಆದರೆ ಸ್ತ್ರೀರೋಗ ತಜ್ಞರು ಥೈರಾಯ್ಡ್, ರಕ್ತ ಹೆಪ್ಪುಗಟ್ಟಿಸುವ ಆ್ಯಂಟಿಫಾಸ್ಫೊಲಿಪಿಡ್ ಪ್ರತಿಕಾಯಗಳು, ಗರ್ಭಕೋಶದ ಆಕಾರ ಇವನ್ನು ಪರೀಕ್ಷಿಸುತ್ತಾರೆ; ಬೇಕೆನಿಸಿದರೆ ಗಂಡಹೆಂಡತಿ ಇಬ್ಬರ ವರ್ಣತಂತುಗಳನ್ನೂ ನೋಡುತ್ತಾರೆ. ಆ ಹೊತ್ತಿಗೆ ಹಿಂದಿನ ಮುಟ್ಟಿನ ದಿನಾಂಕ, ಕಿಟ್ಟಿನಲ್ಲಿ ಗೆರೆ ಕಂಡ ದಿನ ಮತ್ತು ಬೀಟಾ ಎಚ್‌ಸಿಜಿ ವರದಿಗಳು ಕೈಯಲ್ಲಿದ್ದರೆ ಯಾವುದು ತಡವಾದ ಮುಟ್ಟು, ಯಾವುದು ಗರ್ಭ ಎಂದು ವೈದ್ಯರು ಬೇರ್ಪಡಿಸಬಲ್ಲರು.